ಒತ್ತು ಎಲ್ಲಿ ಬೀಳುತ್ತದೆ?



ನಿವೃತ್ತಿಯಾದ ಮೇಲೆ ಮತ್ತೊಮ್ಮೆ ಪಾಠ ಟಿಪ್ಪಣಿ ಬರೆಯುವ ಪ್ರಸಂಗ ಬಂದೀತೆಂದು ನಾನು ಎಣಿಸಿರಲಿಲ್ಲ. ಕಳೆದ ಚಳಿಗಾಲದಲ್ಲಿ ಬಂತು. ಜೀವಮಾನವಿಡೀ ಕಲಿಸಿದ ಇಂಗ್ಲಿಷಿಗಾಗಿ ಅಲ್ಲ, ಸ್ಪ್ಯಾನಿಷಿಗಾಗಿ. ಸ್ಥಳ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರ, ಮಗಳ ಮನೆಯ ಊಟದ ಮೇಜು. ವಿದ್ಯಾರ್ಥಿನಿ ಒಬ್ಬಳೇ, ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು.

ಈ ಅಜ್ಜಿಗೆ ಸ್ಪ್ಯಾನಿಷ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆ ಊರಿನಲ್ಲಿ ಸ್ಪ್ಯಾನಿಷ್ ಮಾತನಾಡುವ ಮನೆಗಳು ಬಹಳ. ಮೊದಲ ಸಲ ಮಗಳ ಮನೆಗೆ ಹೋದಾಗ ಹೊತ್ತು ಹೋಗದೆ ಅಲ್ಲಿನ ಗ್ರಂಥಾಲಯದಲ್ಲಿ ನಡೆಯುತ್ತಿದ್ದ ಉಚಿತ ತರಗತಿಗೆ ಸೇರಿದೆ. ಆಮೇಲೆ ಹೋದಾಗಲೆಲ್ಲ ಮುಂದುವರಿಸಿದೆ. ಪಕ್ಕದ ಮನೆಯ ಹಿರಿಯ ಹೆಂಗಸು ಮೆಕ್ಸಿಕೋದ ಮಾಂಟೆರ್ರೆ ನಗರದವರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೇಲಿಯ ಈಚೆ ನಾನು, ಆಚೆ ಅವರು ನಿಂತು ಆಡಿದ ಮಾತುಗಳೇ ನನ್ನ ನಿಜವಾದ ಅಭ್ಯಾಸ. ನಾನು ಉಪಾಧ್ಯಾಯಿನಿಯಾಗಿದ್ದೆನೆಂದು ತಿಳಿದ ದಿನದಿಂದ ಅವರು ನನ್ನನ್ನು ‘ಮಾಎಸ್ತ್ರಾ’ ಎಂದೇ ಕರೆಯುತ್ತಾರೆ.

ಅವರು ತಂಗಿಯ ಶಸ್ತ್ರಚಿಕಿತ್ಸೆಗೆಂದು ಹತ್ತು ದಿನ ಊರಿಗೆ ಹೋಗುವಾಗ ತಮ್ಮ ಬೆಕ್ಕನ್ನು ನನ್ನ ಮೊಮ್ಮಗಳಿಗೆ ಒಪ್ಪಿಸಿದರು. ಮೂರನೆಯ ದಿನ ಬೆಕ್ಕು ಕಾಣೆಯಾಯಿತು. ಎರಡು ದಿನ ಹುಡುಕಿದ ಮೇಲೆ ಹಿಂದಿನ ಬೀದಿಯ ಒಬ್ಬರು ಅದನ್ನು ಎತ್ತಿಕೊಂಡು ಬಂದರು. ಬೆಕ್ಕೇನೋ ಸಿಕ್ಕಿತು, ಆದರೆ ನಡೆದದ್ದನ್ನು ಆ ತಾಯಿಗೆ ಹೇಳಬೇಕಿತ್ತು. ಅಳಿಯ ಫೋನಿನಲ್ಲಿ ಹೇಳುತ್ತೇನೆಂದರೆ ಹುಡುಗಿ ಒಪ್ಪಲಿಲ್ಲ. “ನನ್ನ ಹತ್ತಿರ ಬಿಟ್ಟು ಹೋದರು ಅಜ್ಜಿ, ನಾನೇ ಹೇಳಬೇಕು, ಅವರ ಭಾಷೆಯಲ್ಲೇ ಹೇಳಬೇಕು” ಎಂದಳು. ಅದೇ ವಾರ ಶಾಲೆಯ ಸ್ಪ್ಯಾನಿಷ್ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಿತ್ತು. ವಿಷಯ ಭೂತಕಾಲದ ಅನಿಯಮಿತ ಕ್ರಿಯಾಪದಗಳು. 20ಕ್ಕೆ 7 ಅಂಕ. ಪಕ್ಕದ ಮನೆಯವರು ಮರಳಲು ಮೂರು ದಿನವಿತ್ತು.

ಉತ್ತರಪತ್ರಿಕೆಯನ್ನು ಓದುವ ಮುನ್ನ ಒಂದು ಲಿಪಿಯ ವಿಚಾರ ಹೇಳಿಬಿಡುತ್ತೇನೆ. ಸ್ಪ್ಯಾನಿಷಿನಲ್ಲಿ ಪ್ರತಿ ಪದದ ಒಂದು ಅಕ್ಷರದ ಮೇಲೆ ಉಚ್ಚಾರದ ಒತ್ತು ಬೀಳುತ್ತದೆ, ಒತ್ತು ಬದಲಾದರೆ ಅರ್ಥವೇ ಬದಲಾಗಬಹುದು. ಇಲ್ಲಿ ಒತ್ತು ಬೀಳುವ ಅಕ್ಷರವನ್ನು ದೀರ್ಘವಾಗಿ ಬರೆಯುತ್ತೇನೆ. ‘ಆಬ್ಲೊ’ ಎಂದರೆ ‘ನಾನು ಮಾತನಾಡುತ್ತೇನೆ’, ಒತ್ತು ಮೊದಲಲ್ಲಿ. ‘ಅಬ್ಲೋ’ ಎಂದರೆ ‘ಅವನು ಮಾತನಾಡಿದ’, ಒತ್ತು ಕೊನೆಯಲ್ಲಿ. ನಿಯಮಿತ ಕ್ರಿಯಾಪದಗಳಲ್ಲಿ ಭೂತಕಾಲದ ಗುರುತು ಈ ಕೊನೆಯ ಒತ್ತೇ. ಬರವಣಿಗೆಯಲ್ಲಿ ಆ ಅಕ್ಷರದ ಮೇಲೆ ಒಂದು ಓರೆಗೆರೆಯನ್ನೂ ಎಳೆಯುತ್ತಾರೆ.

ಈಗ ಅವಳ ತಪ್ಪುಗಳು. ‘ತೆನೆರ್’ ಎಂದರೆ ಹೊಂದಿರುವುದು. ಅದರ ಭೂತಕಾಲ ‘ತೂವೆ’ (ನನ್ನಲ್ಲಿತ್ತು), ‘ತೂವೊ’ (ಅವನಲ್ಲಿತ್ತು). ಅವಳು ಒಂದೆಡೆ ‘ತೆನ್ಯೋ’ ಎಂದು ಬರೆದಿದ್ದಳು. ಇನ್ನೊಂದೆಡೆ ‘ತುವೇ’ ಎಂದು ಕೊನೆಯಲ್ಲಿ ಓರೆಗೆರೆ ಎಳೆದಿದ್ದಳು. ಐದು ಕಡೆಗಳಲ್ಲಿ ‘ನಾನು’ ಎಂಬಲ್ಲಿ ‘ತೂವೊ’, ‘ಪೂಸೊ’ ಎಂದು ‘ಅವನು’ ರೂಪವನ್ನು ಹಾಕಿದ್ದಳು.

ಮೊದಲನೆಯ ತಪ್ಪು ನನಗೆ ಪರಿಚಿತವೇ. ಅಮೆರಿಕದಲ್ಲಿ ಹುಟ್ಟಿದ ಈ ಹುಡುಗಿ ಚಿಕ್ಕವಳಿದ್ದಾಗ “ಅಮ್ಮ ಚಾಕಲೇಟು ಕೊಡಿದಳು” ಎನ್ನುತ್ತಿದ್ದಳು. ಮಾಡು ಮಾಡಿದಳಾದರೆ ಕೊಡು ಕೊಡಿದಳಾಗಬೇಡವೇ? ತರ್ಕ ಸರಿ, ರೂಪ ಮಾತ್ರ ತಪ್ಪು. ‘ತೆನ್ಯೋ’ ಅಂಥದೇ ತಪ್ಪು. ಕೇಳುತ್ತ ಕೇಳುತ್ತ ತಾನೇ ಕಳಚಿ ಬೀಳುತ್ತದೆ. ನನ್ನನ್ನು ನಿಲ್ಲಿಸಿದ್ದು ಐದು ಸಲ ಬಂದ ಆ ‘ನಾನು ತೂವೊ’. ಒಂದೇ ತಪ್ಪು ಐದು ಸಲ ಬಂದರೆ ಅದು ಅಜಾಗರೂಕತೆಯಲ್ಲ, ಅದರ ಹಿಂದೆ ಒಂದು ಕಾರಣವಿರುತ್ತದೆ.

ಕಾರಣ ಹೊಳೆಯಲು ಒಂದು ಸಂಜೆ ಹಿಡಿಯಿತು. ಮಗು ಒಂದು ವರ್ಷದಿಂದ ವರ್ತಮಾನಕಾಲ ಕಲಿತಿದ್ದಾಳೆ. ‘ಆಬ್ಲೊ’ ನಾನು ಮಾತನಾಡುತ್ತೇನೆ, ‘ತೇಂಗೊ’ ನನ್ನಲ್ಲಿದೆ, ‘ಪೋಂಗೊ’ ನಾನು ಇಡುತ್ತೇನೆ. ಒತ್ತಿಲ್ಲದ ‘ಒ’ ಕೊನೆಯಲ್ಲಿ ಕೇಳಿದರೆ ಅದು ‘ನಾನು’ ಎಂದು ಅವಳ ಕಿವಿ ಪಳಗಿದೆ. ನಿಯಮಿತ ಭೂತಕಾಲ ಬಂದಾಗಲೂ ತೊಂದರೆಯಾಗಲಿಲ್ಲ, ಏಕೆಂದರೆ ಅಲ್ಲಿ ‘ಅವನು’ ಎಂಬುದು ಒತ್ತಿರುವ ‘ಓ’. ಆದರೆ ಅನಿಯಮಿತ ಗುಂಪಿನಲ್ಲಿ ಒತ್ತು ಕೊನೆಯಿಂದ ಹಿಂದೆ ಸರಿದು ಧಾತುವಿನ ಮೇಲೆ ಬೀಳುತ್ತದೆ. ‘ತೂವೊ’, ‘ಪೂಸೊ’ ಎಂಬಲ್ಲಿ ‘ಒ’ ಒತ್ತಿಲ್ಲದ್ದು, ಆದರೂ ಅರ್ಥ ‘ಅವನು’. ಕಲಿತ ಕಿವಿಯೇ ಇಲ್ಲಿ ಮೋಸ ಹೋಗುತ್ತದೆ. ಕೊನೆಗೆ ಓರೆಗೆರೆ ಎಳೆದ ‘ತುವೇ’ ಎಂಬ ತಪ್ಪಿನ ಮೂಲವೂ ಇದೇ.

ಶಾಲೆಯಲ್ಲಿ ಕೊಟ್ಟಿದ್ದ ಕೋಷ್ಟಕದಲ್ಲಿ ಹದಿನೇಳು ಕ್ರಿಯಾಪದಗಳು, ಒಂದೊಂದಕ್ಕೂ ಆರು ರೂಪಗಳು. ಬದಲಾದ ಧಾತುಗಳಿಗೆ ಕೆಂಪು ಬಣ್ಣ. ಒತ್ತು ಸರಿದ ವಿಷಯ ಮಾತ್ರ ಕೋಷ್ಟಕದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅದು ಓರೆಗೆರೆಯ ಅನುಪಸ್ಥಿತಿ. ಇಲ್ಲದ ಗೆರೆಯನ್ನು ಕಣ್ಣು ಹೇಗೆ ನೋಡೀತು? ಅದನ್ನು ಕಿವಿಯೇ ಹಿಡಿಯಬೇಕು.

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಹೇಳಲೇಬೇಕು. ನಾನೂ ಮೂವತ್ತು ವರ್ಷ ಕೋಷ್ಟಕಗಳನ್ನೇ ಬರೆಸಿದವಳು. ಗೋ, ವೆಂಟ್, ಗಾನ್ ಎಂದು ನೀವೆಲ್ಲ ಒಕ್ಕೊರಲಿನಿಂದ ಹೇಳಿದ್ದು ನೆನಪಿರಬಹುದು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಇಡೀ ಪಟ್ಟಿಯನ್ನು ತಡವರಿಸದೆ ಒಪ್ಪಿಸುತ್ತಿದ್ದ. ಒಂದು ದಿನ, ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ಐ ಗೋ ಸಂತೆ” ಎಂದ. ತರಗತಿ ನಕ್ಕಿತು. ನಾನು ಗದರಿ, ಪಟ್ಟಿಯನ್ನು ಐದು ಸಲ ಬರೆದುಕೊಂಡು ಬಾ ಎಂದೆ. ಗೊತ್ತಿದ್ದದ್ದನ್ನೇ ಐದು ಸಲ ಬರೆದು ತಂದ. ಆ ವರ್ಷ ಮುಗಿಯುವವರೆಗೂ ಅವನು ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ಪಟ್ಟಿ ಅವನಿಗೆ ಬರುತ್ತಿತ್ತು. ಪಟ್ಟಿಯಿಂದ ಮಾತಿಗೆ ಬರುವ ದಾರಿಯನ್ನು ನಾನು ಕಲಿಸಿರಲಿಲ್ಲ. ಮೊಮ್ಮಗಳ ಮುಂದೆ ಅದೇ ಕೋಷ್ಟಕ ಕಂಡಾಗ ಆ ಹುಡುಗನ ಮುಖ ನೆನಪಾಯಿತು.

ಆದ್ದರಿಂದ ಬಿ.ಎಡ್. ದಿನಗಳಂತೆ ಒಂದು ಹಾಳೆಯಲ್ಲಿ ಪಾಠ ಟಿಪ್ಪಣಿ ಬರೆದೆ. ಎರಡು ದಿನ, ದಿನಕ್ಕೆ ಇಪ್ಪತ್ತೈದು ನಿಮಿಷ, ನಡುವೆ ಒಂದು ರಾತ್ರಿ. ಉದ್ದೇಶ ಎಂಬಲ್ಲಿ ಹೀಗೆ ಬರೆದೆ: ಬೆಕ್ಕಿನ ಕಥೆಯನ್ನು ಒಂಬತ್ತು ವಾಕ್ಯಗಳಲ್ಲಿ ಹೇಳುವುದು. ಆ ಒಂಬತ್ತು ವಾಕ್ಯಗಳಿಗೆ ಬೇಕಾದ ಒಂಬತ್ತು ಕ್ರಿಯಾಪದಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಎಂಟನ್ನು ಕೈಬಿಟ್ಟೆ.

ಮೊದಲ ದಿನ ಆರು ಕ್ರಿಯಾಪದ, ಎರಡೇ ರೂಪ, ‘ನಾನು’ ಮತ್ತು ‘ಅವನು’. ಎರಡೇ ಏಕೆಂದರೆ ಒತ್ತು ಹಿಂದೆ ಸರಿಯುವುದು ಈ ಎರಡರಲ್ಲಿ ಮಾತ್ರ; ಉಳಿದ ರೂಪಗಳಲ್ಲಿ ಅದು ಪ್ರತ್ಯಯದ ಮೇಲೆಯೇ ಇರುತ್ತದೆ. ತೊಡಕು ಎಲ್ಲಿದೆಯೋ ಅಲ್ಲಿಗೇ ಮೊದಲು ಕೈ ಹಾಕಬೇಕು.

ಮೇಜಿನ ಮೇಲೆ ಬೆಕ್ಕಿನ ಒಂದು ಚಿತ್ರವಿಟ್ಟೆ. ಪುಸ್ತಕ ಪೆನ್ಸಿಲು ದೂರ. ನಾನು ಒಂದೊಂದೇ ಪದ ಹೇಳುವುದು, ಅವಳು ‘ನಾನು’ ಎಂದಾದರೆ ತನ್ನ ಎದೆಯನ್ನೂ ‘ಅದು’ ಎಂದಾದರೆ ಬೆಕ್ಕನ್ನೂ ಮುಟ್ಟುವುದು. ತೇಂಗೊ, ತೂವೊ, ಪೂಸೊ, ಪೋಂಗೊ, ತೂವೆ, ಹೀಗೆ ಹತ್ತು ಪದ. ಮೊದಲ ಸುತ್ತಿನಲ್ಲಿ ಐದು ಸರಿ, ಐದು ತಪ್ಪು. ಎಂದರೆ ನಾಣ್ಯ ಚಿಮ್ಮಿದಂತೆ ಊಹಿಸುತ್ತಿದ್ದಾಳೆ. ಪರೀಕ್ಷೆಯ 7 ಅಂಕಕ್ಕಿಂತ ಈ ಐದು ಹೆಚ್ಚು ವಿಷಯ ಹೇಳಿತು.

ಆಮೇಲೆ ಐದು ನಿಮಿಷ ವಿವರಣೆ. ಕನ್ನಡದಿಂದಲೇ ಆರಂಭಿಸಿದೆ. ‘ಬಾ’ ಎಂಬುದಕ್ಕೆ ಭೂತಕಾಲದಲ್ಲಿ ‘ಬಂದ್’ ಎಂಬ ಹೊಸ ಬುಡ. ಅದಕ್ಕೆ ಎಲ್ಲರಿಗೂ ಗೊತ್ತಿರುವ ಬಾಲಗಳು: ಬಂದೆ, ಬಂದ, ಬಂದಳು, ಬಂದರು. ಬುಡವನ್ನು ಒಮ್ಮೆ ಕಲಿತರೆ ಸಾಕು, ಬಾಲಗಳು ಉಚಿತ. ಸ್ಪ್ಯಾನಿಷಿನಲ್ಲೂ ಹಾಗೆಯೇ. ಈ ಗುಂಪಿನ ಹೊಸ ಬುಡಗಳಲ್ಲಿ ಉಕಾರ ಅಥವಾ ಇಕಾರ ಇರುತ್ತದೆ. ಉಕಾರದವು ಮೂರು: ‘ತುವ್’ ಹೊಂದಿರುವುದು, ‘ಎಸ್ತುವ್’ ಇರುವುದು, ‘ಪುಸ್’ ಇಡುವುದು. ಇಕಾರದವು ಮೂರು: ‘ವಿನ್’ ಬರುವುದು, ‘ಇಸ್’ ಮಾಡುವುದು, ‘ಕಿಸ್’ ಬಯಸುವುದು. ಬಾಲ ಎಲ್ಲಕ್ಕೂ ಒಂದೇ: ನಾನು ಎಂದರೆ ‘ಎ’, ಅವನು ಎಂದರೆ ‘ಒ’. “ಒ ಕೇಳಿದಾಗ ಬುಡವನ್ನು ನೋಡು. ಬುಡ ಹೊಸದಾಗಿದ್ದರೆ ಅದು ನೀನಲ್ಲ, ಬೆಕ್ಕು” ಎಂದೆ. ಇಡೀ ಪಾಠದ ಸಾರ ಈ ಒಂದು ಮಾತು.

ಮುಂದಿನ ಹತ್ತು ನಿಮಿಷ ಎದೆ ಮುಟ್ಟಿ ‘ತೂವೆ’, ಬೆಕ್ಕು ಮುಟ್ಟಿ ‘ತೂವೊ’, ‘ಪೂಸೆ’, ‘ಪೂಸೊ’, ‘ವೀನೆ’, ‘ವೀನೊ’. ಪ್ರತಿ ಸಲವೂ ಮೊದಲ ಅಕ್ಷರಕ್ಕೆ ಮೇಜಿನ ಮೇಲೆ ಒಂದು ಪೆಟ್ಟು. ‘ಎಸ್ತೂವೆ’ ಎಂಬಲ್ಲಿ ಮಾತ್ರ ಪೆಟ್ಟು ಎರಡನೆಯ ಅಕ್ಷರಕ್ಕೆ. ಕೊನೆಯ ಐದು ನಿಮಿಷದಲ್ಲಿ ಮತ್ತೆ ಹತ್ತು ಪದಗಳ ಮುಟ್ಟುವ ಆಟ. ಈ ಸಲ ಒಂಬತ್ತು ಸರಿ. ಅಲ್ಲಿಗೆ ನಿಲ್ಲಿಸಿದೆ. ಇನ್ನೆರಡು ಕ್ರಿಯಾಪದ ಸೇರಿಸೋಣವೆಂದು ನನ್ನೊಳಗಿನ ಉಪಾಧ್ಯಾಯಿನಿ ಚಡಪಡಿಸಿದಳು, ಸುಮ್ಮನಿರಿಸಿದೆ.

ಎರಡನೆಯ ದಿನ ಮೂರು ನಿಮಿಷ ಹಳೆಯ ಆಟ. ರಾತ್ರಿ ಕಳೆದರೂ ಎಂಟು ಉಳಿದಿದ್ದವು. ಆಮೇಲೆ ಉಳಿದ ಬಾಲಗಳು: ‘ತುವೀಸ್ತೆ’ ನಿನ್ನಲ್ಲಿತ್ತು, ‘ತುವೀಮೊಸ್’ ನಮ್ಮಲ್ಲಿತ್ತು, ‘ತುವ್ಯೇರೊನ್’ ಅವರಲ್ಲಿತ್ತು. ಸ್ಪೇನ್ ದೇಶದಲ್ಲಿ ಆಪ್ತರ ಗುಂಪಿಗೆ ‘ನೀವು’ ಎನ್ನುವ ಇನ್ನೊಂದು ರೂಪವಿದೆ. ಮೆಕ್ಸಿಕೋದವರು ಅದನ್ನು ಬಳಸುವುದಿಲ್ಲವಾದ್ದರಿಂದ ಬಿಟ್ಟೆ.

ಇಲ್ಲಿ ಒಂದು ಹೊಸ ತೊಡಕು ಎದುರಾಯಿತು. “ಕೆ ಇಸೀಸ್ತೆ?” (ಏನು ಮಾಡಿದೆ?) ಎಂದು ಕೇಳಿದರೆ ಅವಳೂ “ಇಸೀಸ್ತೆ” ಎಂದೇ ಉತ್ತರ ಆರಂಭಿಸುವಳು. ಯೋಚಿಸಿದರೆ ಕನ್ನಡದಲ್ಲಿ ಇದು ತಪ್ಪೇ ಅಲ್ಲ. “ನೀನು ಏನು ಮಾಡಿದೆ?” “ನಾನು ಊಟ ಮಾಡಿದೆ.” ಆಡುಮಾತಿನಲ್ಲಿ ಎರಡೂ ‘ಮಾಡಿದೆ’. ಇಂಗ್ಲಿಷಿನಲ್ಲೂ ಭೂತಕಾಲದ ರೂಪ ಇಬ್ಬರಿಗೂ ಒಂದೇ. ಅವಳ ಎರಡು ಭಾಷೆಗಳೂ ಪ್ರಶ್ನೆಯ ರೂಪವನ್ನೇ ಮರಳಿ ಕೊಡುವ ಅಭ್ಯಾಸ ಕಲಿಸಿವೆ. ಉತ್ತರ ಹೇಳುವ ಮುನ್ನ ಎದೆ ಮುಟ್ಟಿಕೋ ಎಂದೆ. ಮುಟ್ಟಿಕೊಂಡ ಕೂಡಲೇ “ಈಸೆ” ಎಂದು ಸರಿಯಾಗಿ ಬಂತು. ನಿನ್ನೆಯ ಆಟ ಇಂದು ಊರುಗೋಲಾಯಿತು.

ಐದು ನಿಮಿಷ ಮೂರು ಹೊಸ ಕ್ರಿಯಾಪದಗಳಿಗೆ. ‘ಹೇಳು’ ಎಂಬುದಕ್ಕೆ ‘ದಿಹ್’, ‘ತರು’ ಎಂಬುದಕ್ಕೆ ‘ತ್ರಾಹ್’. ಇವು ಹಕಾರದ ಬುಡಗಳು. ಇವುಗಳ ‘ಅವರು’ ರೂಪದಲ್ಲಿ ಯಕಾರ ಬಿದ್ದುಹೋಗಿ ‘ದಿಹೇರೊನ್’ ಆಗುತ್ತದೆ, ‘ದಿಹ್ಯೇರೊನ್’ ಅಲ್ಲ. ಕೊನೆಯದು ‘ಹೋಗು’. ಇದು ಯಾವ ಗುಂಪಿಗೂ ಸೇರದ್ದು, ಮೇಲಾಗಿ ತಲೆಕೆಳಗಾದದ್ದು: ‘ಫ್ವಿ’ ನಾನು ಹೋದೆ, ‘ಫ್ವೇ’ ಅವನು ಹೋದ. ನಿನ್ನೆಯಿಂದ ‘ನಾನು’ ಆಗಿದ್ದ ಎಕಾರ ಇಲ್ಲಿ ‘ಅವನು’! ನಾನು ವಿವರಣೆ ಹುಡುಕುತ್ತಿರುವಾಗ ಅವಳೇ ಹೇಳಿದಳು: “ಅಜ್ಜಿ, ಫ್ವಿ ಬರೆದರೆ ಕೊನೆಯಲ್ಲಿ ಇಂಗ್ಲಿಷಿನ ಐ ಅಕ್ಷರ ಇದೆ. ಐ ಎಂದರೆ ನಾನೇ ಅಲ್ಲವಾ?” ನನ್ನ ಟಿಪ್ಪಣಿಯಲ್ಲಿ ಅದಕ್ಕಿಂತ ಒಳ್ಳೆಯದು ಏನೂ ಇರಲಿಲ್ಲ.

ಉಳಿದ ಹತ್ತು ನಿಮಿಷ ಕಥೆ. ನಾನು ಮನೆಗೆ ಹೋದೆ. ಬೆಕ್ಕು ಇರಲಿಲ್ಲ. ಊಟ ಇಟ್ಟೆ. ಬೆಕ್ಕು ಬರಲಿಲ್ಲ. ನನಗೆ ಭಯವಾಯಿತು. ನಾವು ಒಂದು ಭಿತ್ತಿಪತ್ರ ಮಾಡಿದೆವು. ನೆರೆಯವರು ಇಲ್ಲವೆಂದರು. ಒಬ್ಬರು ಬೆಕ್ಕನ್ನು ತಂದರು. ಅದು ಉಣ್ಣಲೊಲ್ಲೆನೆಂದಿತು. ಕೊನೆಯದಕ್ಕೆ “ನೊ ಕೀಸೊ ಕೊಮೇರ್” ಎನ್ನಬೇಕು. ಪದಶಃ ‘ಬಯಸಲಿಲ್ಲ’ವಾದರೂ ಭೂತಕಾಲದ ಈ ರೂಪದಲ್ಲಿ ನಿರಾಕರಿಸಿತು ಎಂಬ ಅರ್ಥ ಬರುತ್ತದೆ. ಬೆಕ್ಕಿನ ಸ್ವಭಾವಕ್ಕೆ ಒಪ್ಪುವ ಮಾತೇ.

ಮರುದಿನ ಸಂಜೆ ಪಕ್ಕದ ಮನೆಯವರು ಬಂದರು. ಹುಡುಗಿ ಅವರ ಜಗಲಿಯಲ್ಲಿ ನಿಂತಳು, ನಾನು ಬೇಲಿಯ ಈಚೆ. ಮೊದಲ ವಾಕ್ಯ ಸರಿಯಾಗಿ ಬಂತು. ಎರಡನೆಯದು, “ಎಲ್ ಗಾತೊ ನೊ ಎಸ್ತೂವೊ” ಎಂದಾಗ ಅವರು ಮೆಲ್ಲಗೆ “ನೊ ಎಸ್ತಾಬಾ” ಎಂದು ತಿದ್ದಿದರು. ಅವಳು ಹಾಗೆಯೇ ಹೇಳಿ ಮುಂದೆ ಹೋದಳು. “ತೂವೆ ಮ್ಯೇದೊ”, ನನಗೆ ಭಯವಾಯಿತು, ಎಂದಾಗ ಅವರು ಅವಳ ಕೈ ಹಿಡಿದು “ಯೊ ತಾಂಬ್ಯೇನ್ ತೂವೆ ಮ್ಯೇದೊ” ಎಂದರು. ಕಥೆ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು: “ಕ್ಯೇನ್ ಲೊ ತ್ರಾಹೊ?” ಯಾರು ತಂದರು? ಅದು ನಮ್ಮ ಪಾಠದಲ್ಲಿ ಇರಲಿಲ್ಲ. ಅವಳು ಕ್ಷಣ ತಡೆದು, ಹಿಂದಿನ ಬೀದಿಯ ನೀಲಿ ಮನೆಯವರು ತಂದರೆಂದು “ತ್ರಾಹೊ” ಸೇರಿಸಿಯೇ ಉತ್ತರಿಸಿದಳು. ಮನೆಗೆ ಬಂದು ನನಗೆ ಹೇಳಿದ ಮೊದಲ ಮಾತು ತನ್ನ ವಾಕ್ಯಗಳ ಬಗ್ಗೆ ಅಲ್ಲ. “ಅಜ್ಜಿ, ಅವರಿಗೂ ಭಯ ಆಗಿತ್ತಂತೆ. ತಂಗಿಯ ಆಪರೇಷನ್ ಇತ್ತಲ್ಲ.” ಆ ‘ತೂವೆ’ ಯಾರದೆಂದು ಅವಳ ಕಿವಿಗೆ ತಿಳಿದಿತ್ತು.

ಅವರು ತಿದ್ದಿದ ಆ ಒಂದು ತಪ್ಪು ಮಗುವಿನದಲ್ಲ, ನನ್ನದು. ಸ್ಪ್ಯಾನಿಷಿನಲ್ಲಿ ನಡೆದು ಮುಗಿದ ಘಟನೆಗೆ ಒಂದು ಭೂತಕಾಲ, ಆ ಘಟನೆಯ ಹಿನ್ನೆಲೆಯಲ್ಲಿದ್ದ ಸ್ಥಿತಿಗೆ ಇನ್ನೊಂದು. ನಾನು ಹೋದದ್ದು, ಊಟ ಇಟ್ಟದ್ದು ಘಟನೆಗಳು. ನಾನು ಹೋದ ಹೊತ್ತಿಗೆ ಬೆಕ್ಕು ಅಲ್ಲಿ ಇಲ್ಲದಿದ್ದುದು ಸ್ಥಿತಿ. ಅದಕ್ಕೆ ‘ಎಸ್ತಾಬಾ’ ಬೇಕು. ಕನ್ನಡದಲ್ಲಿ ಎರಡಕ್ಕೂ ‘ಇರಲಿಲ್ಲ’ ಎಂದು ಸಾಗುತ್ತದೆ, ಹಾಗಾಗಿ ನಾನು ಎಡವಿದೆ. ‘ಎಸ್ತೂವೊ’ ತಪ್ಪು ಪದವಲ್ಲ; ಇಡೀ ದಿನ ಮನೆಯಲ್ಲಿ ಇದ್ದ ಎಂದು ಮುಗಿದ ಅವಧಿಯನ್ನು ಹೇಳುವಾಗ ಅದೇ ಸರಿ. ಆದರೆ ಆರಂಭದ ಪಾಠದಲ್ಲಿ ಅದಕ್ಕೆ ಜಾಗವಿಲ್ಲ. ಟಿಪ್ಪಣಿಯಲ್ಲಿ ಅದನ್ನು ಹೊಡೆದುಹಾಕಿದೆ.

ಮುಂದಿನ ಕಿರುಪರೀಕ್ಷೆಯಲ್ಲಿ ಅವಳಿಗೆ 20ಕ್ಕೆ 14. ಹೋದ ಆರರಲ್ಲಿ ಮೂರು ನಾನು ಬಿಟ್ಟಿದ್ದ ಸ್ಪೇನಿನ ರೂಪಗಳು. ಎರಡು ‘ಈಸೊ’ ಎಂಬುದರ ಕಾಗುಣಿತ. ‘ಈಸೆ’ಗೆ ಸಿ ಅಕ್ಷರ, ‘ಈಸೊ’ಗೆ ಜೆಡ್, ಏಕೆಂದರೆ ಓಕಾರದ ಹಿಂದಿನ ಸಿ ಅವರಲ್ಲಿ ಕಕಾರವಾಗುತ್ತದೆ. ಕಿವಿಯಿಂದ ಕಲಿಸಿದ ಪಾಠದ ಮಿತಿ ಇದು. ಬರೆಯುವುದಕ್ಕೆ ಮೂರನೆಯ ದಿನವೊಂದು ಬೇಕು. ಇನ್ನೊಂದು ಮರೆವು. ‘ನಾನು’ ಎಂಬಲ್ಲಿ ‘ಒ’ ಹಾಕಿದ ತಪ್ಪು ಮಾತ್ರ ಒಂದೂ ಇರಲಿಲ್ಲ.

ಸಂತೆಗೆ ಹೋಗಿದ್ದ ಹುಡುಗನೇ, ನೀನು ಇದನ್ನು ಓದುತ್ತಿದ್ದರೆ ಒಂದು ಮಾತು. ಆ ದಿನ ನಿನಗೆ ಕೊಡಬೇಕಾಗಿದ್ದದ್ದು ಐದು ಸಲ ಬರೆಯುವ ಶಿಕ್ಷೆಯಲ್ಲ. ಸಂತೆಯಲ್ಲಿ ಏನು ಕಂಡೆ, ಏನು ತಂದೆ, ಯಾರು ಸಿಕ್ಕರು ಎಂದು ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಈಗಲೂ ಹೇಳುವ ಮನಸ್ಸಿದ್ದರೆ ಯಾವ ಭಾಷೆಯಲ್ಲಾದರೂ ಬರೆ, ಓದುತ್ತೇನೆ.